ಮಾರ್ಚ್ ಬಿಲ್‌ಗಳನ್ನು ಬೇರೆ ಮಾಡಿದ ಮೇಲೆ ಸ್ಯಾಂಪಲ್ ಲೆಕ್ಕ ಕೂಡಿಬಂತು: ನನ್ನ ಅನುಭವ

ಈ ಸಲ ನಮ್ಮ ಸಿಎ ಫರ್ಮ್‌ಗೆ ಪೀರ್ ರಿವ್ಯೂಗೆ ಬಂದವರು ಒಂದು ಆಡಿಟ್ ಫೈಲ್ ನೋಡಿ, ಸ್ಯಾಂಪಲ್ ಸಂಖ್ಯೆ ಎಲ್ಲಿಂದ ಬಂತು ಅಂತ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ರಿಸ್ಕ್‌ನಿಂದ ಸ್ಯಾಂಪಲ್ ಲೆಕ್ಕ ಹಾಕುವ ಹಾಳೆಯಲ್ಲೇ ಉತ್ತರ ಇತ್ತು. ಎರಡು ವರ್ಷದ ಹಿಂದೆ ಇದೇ ಹಾಳೆಯನ್ನು ನಮ್ಮ ಸೀನಿಯರ್ ಪಾರ್ಟ್ನರ್‌ಗೆ ತೋರಿಸಿದಾಗ ಅವರು, "ಇದೆಲ್ಲ ಫೈನಲ್ ಪರೀಕ್ಷೆಯ ಪೇಪರ್‌ಗೆ ಚೆನ್ನಾಗಿರುತ್ತೆ, ನಮ್ಮ ಕ್ಲೈಂಟ್‌ಗಳಿಗೆ ನಡೆಯಲ್ಲ" ಅಂದಿದ್ದರು. ನಡೆಯಿತು. ಹೇಗೆ ಅಂತ ಬರೆಯುತ್ತಿದ್ದೇನೆ.

ಕ್ಲೈಂಟ್ ಹುಬ್ಬಳ್ಳಿ ಕಡೆಯ ಒಂದು ಪ್ರೈವೇಟ್ ಲಿಮಿಟೆಡ್. ಪಂಪ್‌ಸೆಟ್, ಪೈಪು, ಸ್ಟಾರ್ಟರ್‌ಗಳ ಡಿಸ್ಟ್ರಿಬ್ಯೂಟರ್. ವಹಿವಾಟು 42 ಕೋಟಿ ಆಸುಪಾಸು, ವರ್ಷದ ಕೊನೆಗೆ ಡೆಬ್ಟರ್ಸ್, ಅಂದರೆ ಡೀಲರ್‌ಗಳಿಂದ ಬರಬೇಕಾದ ಬಾಕಿ, 6 ಕೋಟಿ. ನಮ್ಮ ಫೀ 1.75 ಲಕ್ಷ, ಅದರ ಮೇಲೆ ಒಂದು ರೂಪಾಯಿ ಏರಿಸಲು ಅವರು ತಯಾರಿಲ್ಲ. ಹಳೆಯ ಪದ್ಧತಿ ಅಂದರೆ ಎರಡು ತಿಂಗಳ ಪೂರ್ತಿ ವೌಚಿಂಗ್, ಅಂದರೆ ಪ್ರತಿ ಎಂಟ್ರಿಯನ್ನೂ ಬಿಲ್ ಜೊತೆ ತಾಳೆ ನೋಡುವುದು, ಉಳಿದ ತಿಂಗಳಿಗೆ 20%. ಸಂಬಳಕ್ಕೂ ಅದೇ 20%, ಡೆಬ್ಟರ್ಸ್‌ಗೂ ಅದೇ 20%. ಆರ್ಟಿಕಲ್ಸ್, ಅಂದರೆ ನಮ್ಮಲ್ಲಿ ತರಬೇತಿಯಲ್ಲಿರುವ ಸಿಎ ವಿದ್ಯಾರ್ಥಿಗಳು, ಸುಮಾರು ಒಂದು ತಿಂಗಳು ಅಲ್ಲೇ ಕೂರುತ್ತಿದ್ದರು. ಸಿಗುತ್ತಿದ್ದದ್ದು ಸಹಿ ಇಲ್ಲದ ಪೆಟ್ರೋಲ್ ವೌಚರ್‌ಗಳು.

ಮೊದಲು ಎಲ್ಲರೂ ಮಾಡುವಂತೆ ಹೈ, ಮೀಡಿಯಂ, ಲೋ ಅಂತ ಟಿಕ್ ಹಾಕುವ ಹಾಳೆ ಮಾಡಿಸಿದೆವು. ಅದು ಬಿದ್ದುಹೋಯಿತು. ಟಿಕ್ ಹಾಕಿದ ಮೇಲೂ ಸ್ಯಾಂಪಲ್ 20%ರಲ್ಲೇ ಉಳಿಯುತ್ತಿತ್ತು. ರಿಸ್ಕ್ ಒಂದು ಹಾಳೆಯಲ್ಲಿ, ಕೆಲಸ ಇನ್ನೊಂದು ಹಾಳೆಯಲ್ಲಿ, ನಡುವೆ ಸೇತುವೆಯೇ ಇಲ್ಲ. ಹಾಗಾಗಿ ಸೂತ್ರವನ್ನೇ ನೇರವಾಗಿ ಕೆಲಸಕ್ಕೆ ಹಚ್ಚಿದೆ.

```
AR = IR × CR × DR
DR = AR / (IR × CR)
ಸ್ಯಾಂಪಲ್ = ಬಾಕಿ ಮೊತ್ತ / ಸಹಿಸಬಹುದಾದ ತಪ್ಪು × (-LN(DR))
```

AR ಅಂದರೆ ಆಡಿಟ್ ರಿಸ್ಕ್, ದೊಡ್ಡ ತಪ್ಪಿದ್ದರೂ ನಾವು ಸರಿ ಅಂತ ಸಹಿ ಹಾಕಿಬಿಡುವ ಸಾಧ್ಯತೆ. ಅದನ್ನು 5% ಅಂತ ಇಟ್ಟೆ. IR ಅಂದರೆ ಇನ್ಹೆರೆಂಟ್ ರಿಸ್ಕ್, ಯಾವ ಕಂಟ್ರೋಲೂ ಇಲ್ಲದಿದ್ದರೆ ತಪ್ಪಾಗುವ ಸಾಧ್ಯತೆ. CR ಅಂದರೆ ಕಂಟ್ರೋಲ್ ರಿಸ್ಕ್, ಕಂಪನಿಯ ಕಂಟ್ರೋಲ್ ಅದನ್ನು ಹಿಡಿಯದೇ ಬಿಡುವ ಸಾಧ್ಯತೆ. ಈ IR, CR ಎರಡೂ ಕಂಪನಿಯವು, ನಾವು ಅಂದಾಜು ಮಾಡಬಹುದೇ ಹೊರತು ಬದಲಿಸಲು ಬರಲ್ಲ. ನಮ್ಮ ಕೈಯಲ್ಲಿರುವುದು DR, ಅಂದರೆ ನಮ್ಮ ಪರಿಶೀಲನೆಗೂ ತಪ್ಪು ಸಿಗದೇ ಹೋಗುವ ಡಿಟೆಕ್ಷನ್ ರಿಸ್ಕ್ ಒಂದೇ. ಕೊನೆಯ ಸಾಲಿನ ಲಾಗ್ ಬೇಡ ಅನ್ನುವವರು ಎಕ್ಸೆಲ್‌ನಲ್ಲಿ `=-LN(0.05)` ಹಾಕಿ ನೋಡಿ, 2.996, ಅಂದರೆ 3 ಬರುತ್ತೆ. ಸ್ಯಾಂಪ್ಲಿಂಗ್ ಟೇಬಲ್‌ಗಳಲ್ಲಿ 95% ಭರವಸೆಗೆ ಕೊಡುವ 3.0 ಅದೇ. ಇದು ತಪ್ಪೇನೂ ಸಿಗಲ್ಲ ಅಂತ ನಿರೀಕ್ಷಿಸುವ ಕಡೆಗೆ ಮಾತ್ರ. ನಿರೀಕ್ಷೆ ಇದ್ದರೆ ಸಂಖ್ಯೆ ಜಾಸ್ತಿ ಆಗುತ್ತೆ. ಮೆಟೀರಿಯಾಲಿಟಿ, ಅಂದರೆ ಲೆಕ್ಕ ಓದುವವರ ತೀರ್ಮಾನ ಬದಲಿಸುವಷ್ಟು ದೊಡ್ಡ ತಪ್ಪಿನ ಗೆರೆ, ವಹಿವಾಟಿನ 1% ಅಂದರೆ 42 ಲಕ್ಷ, ಅದರ ಮುಕ್ಕಾಲು ಭಾಗವನ್ನು ಸುತ್ತು ಮಾಡಿ 30 ಲಕ್ಷ ತಪ್ಪು ಸಹಿಸಬಹುದು ಅಂದುಕೊಂಡೆ.

ಈಗ ಡೆಬ್ಟರ್ಸ್. ಬಾಕಿ ನಿಜವಾಗಿ ಇದೆಯೇ ಅನ್ನುವ ಒಂದೇ ಪ್ರಶ್ನೆಗೆ ಲೆಕ್ಕ ಹಾಕಿದೆ. ಇಡೀ ಖಾತೆಗೆ ಒಂದೇ ರಿಸ್ಕ್ ಕೊಟ್ಟರೆ ಅದು ಯಾವುದಕ್ಕೂ ಹೊಂದಲ್ಲ. ಇನ್ಹೆರೆಂಟ್ ರಿಸ್ಕ್ ಹಾಕುವಾಗ ಆರ್ಟಿಕಲ್ಸ್‌ಗೆ ನಾನು ಹೇಳುವುದು ಒಂದೇ: ಕಂಪನಿಯಲ್ಲಿ ಯಾವ ಕಂಟ್ರೋಲೂ ಇಲ್ಲ ಅಂದುಕೊಂಡು ಅಂಕಿ ಹಾಕಿ. "ಅಕೌಂಟೆಂಟ್ ಒಳ್ಳೆಯವರು, ಅದಕ್ಕೆ ಲೋ" ಅಂತ ಬರೆದರೆ ಅದು ಕಂಟ್ರೋಲ್ ವಿಷಯ. ಅದನ್ನೇ ಕಂಟ್ರೋಲ್ ಕಾಲಮ್ಮಿನಲ್ಲಿ ಮತ್ತೆ ಕಳೆದರೆ ಒಂದೇ ಕಾರಣಕ್ಕೆ ಎರಡು ಸಲ ರಿಯಾಯಿತಿ ಕೊಟ್ಟ ಹಾಗಾಗುತ್ತೆ. ನಮ್ಮ ಫೈಲ್‌ಗಳಲ್ಲಿ ಅತಿ ಹೆಚ್ಚು ಕಂಡದ್ದು ಇದೇ ದೋಷ.

ಈ ಕಂಪನಿಗೆ ತಯಾರಕರು ಒಂದು ಸ್ಕೀಮ್ ಕೊಟ್ಟಿದ್ದರು. ಡೀಲರ್‌ಗಳಿಗೆ ಮಾಡುವ ಮಾರಾಟ ವರ್ಷದ ಟಾರ್ಗೆಟ್ ಮುಟ್ಟಿದರೆ ಸುಮಾರು 11 ಲಕ್ಷ ಇನ್ಸೆಂಟಿವ್. ಅಂದರೆ ಮಾರ್ಚ್ ಕೊನೆಯಲ್ಲಿ ಮಾಲು ತಳ್ಳುವ ಆಸೆ ಇದ್ದೇ ಇರುತ್ತೆ. ಆದಾಯದಲ್ಲಿ ವಂಚನೆಯ ರಿಸ್ಕ್ ಇದೆ ಅಂತ ಆಡಿಟ್ ಮಾನದಂಡ ಎಸ್‌ಎ 240 ಮೊದಲೇ ಊಹಿಸಿಕೊಳ್ಳಿ ಅನ್ನುತ್ತೆ, ಇಲ್ಲಂತೂ ಕಾರಣ ಕಣ್ಣೆದುರೇ ಇತ್ತು. ಆದರೆ ಆ ರಿಸ್ಕ್ ಜೂನ್ ಬಿಲ್‌ಗೆ ಇಲ್ಲ. ಹಾಗಾಗಿ 6 ಕೋಟಿಯನ್ನು ಎರಡು ರಾಶಿ ಮಾಡಿದೆ. ಮಾರ್ಚ್ ಬಿಲ್‌ಗಳು 2 ಕೋಟಿ, ಹಳೆಯವು 4 ಕೋಟಿ. ಹಳೆಯದಕ್ಕೆ ಇನ್ಹೆರೆಂಟ್ 0.6, ಮಾರ್ಚ್‌ಗೆ ಪೂರ್ತಿ 1.

ಕಂಟ್ರೋಲ್ ರಿಸ್ಕ್ ಕೇಳಿ ತಿಳಿಯುವುದಲ್ಲ. ಕ್ರೆಡಿಟ್ ಲಿಮಿಟ್ ದಾಟಿದರೆ ಮಾಲಕರ ಒಪ್ಪಿಗೆ ಬೇಕು, ಚಲನ್ ಮೇಲೆ ಡೀಲರ್ ಸೀಲ್ ಬೇಕು. ಕಂಪನಿಯ ನಿಯಮ ಇಷ್ಟೇ. ಏಪ್ರಿಲ್‌ನಿಂದ ಫೆಬ್ರುವರಿವರೆಗೆ 25 ಬಿಲ್ ತೆಗೆದೆವು, ಒಂದೂ ತಪ್ಪಲಿಲ್ಲ. ಆರ್ಟಿಕಲ್ ಹುಡುಗ ಖುಷಿಯಾಗಿ 0.1 ಹಾಕಿದ್ದ. ತಿದ್ದಿಸಿದೆ. 25ರಲ್ಲಿ ಸೊನ್ನೆ ತಪ್ಪು ಅಂದರೂ 90% ಭರವಸೆಯಲ್ಲಿ ಹೇಳಲು ಆಗುವುದು ನಿಯಮ ಮುರಿದ ಬಿಲ್‌ಗಳು ಸುಮಾರು 9%ಗಿಂತ ಹೆಚ್ಚಿಲ್ಲ ಅಂತ ಮಾತ್ರ. ಒಂದು ತಪ್ಪು ಸಿಕ್ಕಿದ್ದರೆ ಅದು 15%ರ ಹತ್ತಿರ ಹೋಗುತ್ತಿತ್ತು. 0.5ಕ್ಕಿಂತ ಕೆಳಗೆ ಇಳಿಯುವ ಧೈರ್ಯ ಅಷ್ಟರಿಂದ ಬರಲ್ಲ.

ಮಾರ್ಚ್‌ಗೆ ಬೇರೆ 10 ಬಿಲ್ ತೆಗೆದೆವು. ಮೂರರಲ್ಲಿ ಲಿಮಿಟ್ ದಾಟಿತ್ತು, ಒಪ್ಪಿಗೆ ಕಾಗದ ಇರಲಿಲ್ಲ. "ಫೋನಲ್ಲಿ ಹೇಳಿದ್ರು" ಅಂದರು ಸೇಲ್ಸ್ ಮ್ಯಾನೇಜರ್. ಪುಸ್ತಕದಲ್ಲಿ ಯಾರು ಯಾವಾಗ ಏನು ಬದಲಿಸಿದರು ಅಂತ ಉಳಿಸಿಡುವ ಟ್ಯಾಲಿಯ ಎಡಿಟ್ ಲಾಗ್ ತೆರೆದರೆ ಕೆಲವು ಡೀಲರ್‌ಗಳ ಲೆಡ್ಜರ್ ಮಾರ್ಚ್ ಕೊನೆಯ ವಾರದಲ್ಲಿ ಬದಲಾಗಿತ್ತು, ಏಪ್ರಿಲ್‌ನಲ್ಲಿ ಮತ್ತೆ ಮೊದಲಿನಂತಾಗಿತ್ತು. 2023ರ ಏಪ್ರಿಲ್‌ನಿಂದ ಕಂಪನಿಗಳಿಗೆ ಎಡಿಟ್ ಲಾಗ್ ಕಡ್ಡಾಯ ಆಗಿದ್ದು ನಮಗೆ ಎಷ್ಟು ದೊಡ್ಡ ಉಪಕಾರ ಅಂತ ಬಹಳ ಜನ ಇನ್ನೂ ಗಮನಿಸಿಲ್ಲ, ರಿಪೋರ್ಟ್‌ನಲ್ಲಿ ಒಂದು ಪ್ಯಾರಾ ಬರೆದು ಬಿಟ್ಟುಬಿಡುತ್ತಾರೆ. ಮಾರ್ಚ್‌ಗೆ ಕಂಟ್ರೋಲ್ ರಿಸ್ಕ್ 1.

ಹಳೆಯ ರಾಶಿಗೆ 0.6 ಗುಣಿಸು 0.5, ಅಂದರೆ 0.30. ಡಿಟೆಕ್ಷನ್ ರಿಸ್ಕ್ 0.167, ಲಾಗ್ 1.8. 4 ಕೋಟಿಯನ್ನು 30 ಲಕ್ಷದಿಂದ ಭಾಗಿಸಿ 1.8ರಿಂದ ಗುಣಿಸಿದರೆ 24. ಮಾರ್ಚ್‌ಗೆ ಡಿಟೆಕ್ಷನ್ ರಿಸ್ಕ್ 0.05 ಮಾತ್ರ, ಗುಣಕ 3. ಎರಡೂ ರಾಶಿಗೆ ಪೂರ್ತಿ 30 ಲಕ್ಷ ಬಿಟ್ಟರೆ ಒಟ್ಟು ತಪ್ಪು ಮೀರಬಹುದು ಅನ್ನುವ ಭಯಕ್ಕೆ ಮಾರ್ಚ್‌ಗೆ 20 ಲಕ್ಷ ಇಟ್ಟೆ. 2 ಕೋಟಿ ಭಾಗಿಸು 20 ಲಕ್ಷ, ಗುಣಿಸು 3: 30 ಬಿಲ್. ಮೊತ್ತದ ಲೆಕ್ಕದಲ್ಲಿ ಆರಿಸಿದ್ದರಿಂದ 6.67 ಲಕ್ಷ ಮೀರಿದ ಯಾವ ಮಾರ್ಚ್ ಬಿಲ್ಲೂ ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. ಇಡೀ 6 ಕೋಟಿಗೆ 0.6, 0.5 ಹಚ್ಚಿದ್ದರೆ ಒಟ್ಟು 36 ಬರುತ್ತಿತ್ತು, ಅದರಲ್ಲಿ ಮಾರ್ಚ್ ಪಾಲು ಸುಮಾರು 12 ಮಾತ್ರ. ನನ್ನ ಒಟ್ಟು 54 ಜಾಸ್ತಿ ಕಾಣುತ್ತೆ. ಆದರೆ ಜಾಸ್ತಿಯಾದದ್ದೆಲ್ಲ ರಿಸ್ಕ್ ಇರುವ ಕಡೆಗೇ ಹೋಯಿತು.

ಸೀನಿಯರ್ ಇಲ್ಲಿ ಮತ್ತೆ ಹಿಡಿದುಕೊಂಡರು. ಹಳೆಯ ರಾಶಿಗೆ ಕಂಟ್ರೋಲ್ ಟೆಸ್ಟ್ ಮಾಡದೇ 1 ಇಟ್ಟಿದ್ದರೆ 33 ಬರುತ್ತಿತ್ತು. 25 ಬಿಲ್ ನೋಡಿ ಉಳಿಸಿದ್ದು ಬರೀ 9, ಇದೇನು ಲಾಭ ಅಂತ. ಡೆಬ್ಟರ್ಸ್ ಒಂದನ್ನೇ ನೋಡಿದರೆ ಅವರ ಮಾತು ಸರಿ. ಆದರೆ ಅದೇ ಟೆಸ್ಟ್ ವರ್ಷದ ಮಾರಾಟಕ್ಕೂ ಆಧಾರ. ಮಾರ್ಚ್ ಬೇರೆ ಮಾಡದೆ ಒರಟಾಗಿ ನೋಡಿದರೆ ಅಲ್ಲಿ 42 ಕೋಟಿ, ಅದೇ ಲೆಕ್ಕಕ್ಕೆ ಹತ್ತಿರ ಹತ್ತಿರ 350 ಇದ್ದದ್ದು 250ಕ್ಕೆ ಬಂತು. ಆಮೇಲೆ ಮಾಡೆಲ್‌ವಾರು ಪಂಪ್‌ಗಳ ಎಣಿಕೆ ತಾಳೆ ಹಾಕಿದೆವು: ಆರಂಭದ ಸ್ಟಾಕ್, ಕೂಡಿಸು ಖರೀದಿ, ಕಳೆ ಕೊನೆಯ ಸ್ಟಾಕ್. ಆ ತಾಳೆ ಒಂದು ದೊಡ್ಡ ತಪ್ಪನ್ನು ತಪ್ಪಿಸಿಕೊಳ್ಳಲು ಬಿಡುವ ಸಾಧ್ಯತೆ ಅರ್ಧ ಅಂತ ಇಟ್ಟರೆ ಬಿಲ್‌ಗಳ ಪಾಲಿನ ಡಿಟೆಕ್ಷನ್ ರಿಸ್ಕ್ 0.33ಕ್ಕೆ ಏರುತ್ತೆ, ಸಂಖ್ಯೆ 150ರ ಹತ್ತಿರ ಇಳಿಯುತ್ತೆ. ಖಾತೆ ಚಿಕ್ಕದಾದರೆ ಮಾತ್ರ ಕಂಟ್ರೋಲ್ ಟೆಸ್ಟ್ ಬಿಟ್ಟು ನೇರ 1 ಹಾಕುವುದು ಅಗ್ಗ.

ಹಳೆಯ ರಾಶಿಯ 24 ಡೀಲರ್‌ಗಳಿಗೆ ಬಾಕಿ ಖಾತ್ರಿ ಪತ್ರ ಕಳಿಸಿದೆವು. ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಉತ್ತರ ಬಂದವು, ಉಳಿದವಕ್ಕೆ ಏಪ್ರಿಲ್‌ನಿಂದ ಜೂನ್‌ವರೆಗೆ ಬ್ಯಾಂಕಿಗೆ ಬಂದ ಹಣ ನೋಡಿದೆವು. ಸಮಸ್ಯೆ ಇರಲಿಲ್ಲ.

ಮಾರ್ಚ್ 30ರಲ್ಲಿ ಬೇರೆ ಕಥೆ. ಬಿಲ್ ಇದೆ, ಇ-ವೇ ಬಿಲ್ ಇದೆ, ಚಲನ್ ಮೇಲೆ ಸೀಲ್ ಇದೆ. ಮಾಲು ನಿಜವಾಗಿಯೂ ಹೋಗಿತ್ತು! ಹಳೆಯ ವೌಚಿಂಗ್‌ನಲ್ಲಿ 300 ಬಿಲ್ ನೋಡಿದ್ದರೂ ಎಲ್ಲಕ್ಕೂ ಟಿಕ್ ಬೀಳುತ್ತಿತ್ತು. ಡಿಟೆಕ್ಷನ್ ರಿಸ್ಕ್ ಇಳಿಸುವುದು ಅಂದರೆ ಸಂಖ್ಯೆ ಏರಿಸುವುದು ಮಾತ್ರ ಅಲ್ಲ, ಅಲ್ವಾ? ಯಾವ ಟೆಸ್ಟ್, ಯಾವಾಗ ಅನ್ನುವುದೂ ಅದರಲ್ಲೇ ಸೇರುತ್ತೆ. ನಾವು ಆ 30 ಬಿಲ್‌ಗಳನ್ನು ಏಪ್ರಿಲ್‌ನ ಗೇಟ್ ಒಳಬರುವ ರಿಜಿಸ್ಟರ್ ಮತ್ತು ಕ್ರೆಡಿಟ್ ನೋಟ್ ಜೊತೆ ಕೂರಿಸಿದೆವು. ನಾಲ್ಕು ಬಿಲ್‌ಗಳ ಮಾಲು ಏಪ್ರಿಲ್ ಎರಡನೇ ವಾರದಲ್ಲಿ ವಾಪಸ್ ಬಂದಿತ್ತು. ನಾಲ್ಕೂ ಡೀಲರ್‌ಗಳು ಎಡಿಟ್ ಲಾಗ್‌ನಲ್ಲಿ ಕಂಡವರೇ. ಏಪ್ರಿಲ್‌ನ ಎಲ್ಲ ಕ್ರೆಡಿಟ್ ನೋಟ್ ತೆಗೆದಾಗ ಹೀಗೆ ವಾಪಸ್ ಬಂದ ಮಾಲು ಒಟ್ಟು 38 ಲಕ್ಷದಷ್ಟಾಯಿತು. 30 ಲಕ್ಷದ ಗೆರೆ ದಾಟಿತು.

ಮಾಲಕರು, "ಸರ್ರ, ಲಾಭದಾಗ ಬರೀ ಮೂರು ಲಕ್ಷ ಫರಕ್ ಐತಿ, ಇದಕ್ಯಾಕ ಇಷ್ಟು ತಲಿ ಕೆಡಿಸ್ಕೋತೀರಿ" ಅಂದರು. ಮಾರ್ಜಿನ್ ಲೆಕ್ಕದಲ್ಲಿ ಅದು ನಿಜ, ಡೆಬ್ಟರ್ಸ್ ಇಳಿದು ಸ್ಟಾಕ್ ಏರುತ್ತೆ. ಆದರೆ ಆ ಮಾರಾಟ ತೆಗೆದರೆ ಟಾರ್ಗೆಟ್ ಮುಟ್ಟಲ್ಲ, ಬರಬೇಕಾದ ಇನ್ಸೆಂಟಿವ್ ಅಂತ ಬರೆದುಕೊಂಡ 11 ಲಕ್ಷವೂ ಹೋಗುತ್ತೆ. ಎರಡು ಸುತ್ತು ಮಾತಾದ ಮೇಲೆ ಸಹಿಗೆ ಮುಂಚೆ ಪುಸ್ತಕದಲ್ಲಿ ತಿದ್ದಿದರು. ಅವತ್ತಿನಿಂದ ಸೀನಿಯರ್ ಈ ಹಾಳೆಯನ್ನು ಬೇರೆ ಫೈಲ್‌ಗಳಿಗೂ ಕೇಳುತ್ತಿದ್ದಾರೆ.

ಏಪ್ರಿಲ್ ಕ್ರೆಡಿಟ್ ನೋಟ್‌ಗಳನ್ನು ಯಾವ ಕ್ರಮದಲ್ಲಿ ಜೋಡಿಸಿದರೆ ಇಂಥವು ಮೊದಲ ಪುಟದಲ್ಲೇ ಬರುತ್ತವೆ ಅನ್ನುವುದನ್ನು ಇಲ್ಲಿ ಬರೆಯಲ್ಲ. ಕ್ಲೈಂಟ್‌ಗಳೂ ಓದುತ್ತಾರೆ.

ಪಕ್ಕದಲ್ಲಿ ಇನ್ನೆರಡು ಪ್ರಯೋಗ ಮಾಡಿದೆ. ಸಂಬಳ 2.4 ಕೋಟಿ, ಇನ್ಹೆರೆಂಟ್ 0.4, ಕಂಟ್ರೋಲ್ 0.3 ಹಾಕಿದರೆ ಸ್ಯಾಂಪಲ್ ಏಳಕ್ಕೆ ಬಂತು. ಪಿಎಫ್, ಇಎಸ್‌ಐ ಚಲನ್‌ನ ತಲೆ ಎಣಿಕೆ ತಾಳೆ ಹಾಕಿ, ಆ ಏಳು ನೋಡಿ ಮುಗಿಸಿದೆವು. ಮೊದಲು ಇದಕ್ಕೇ ನಾಲ್ಕೈದು ದಿನ ಹೋಗುತ್ತಿತ್ತು. ಒಟ್ಟಾರೆ ಆರ್ಟಿಕಲ್ಸ್ ಸಮಯ ಕಾಲು ಭಾಗದಷ್ಟು ಇಳಿಯಿತು. ಅದೇ ಫೀಯಲ್ಲಿ ಅದು ನಮಗೆ ಸಿಕ್ಕ ಹಣ.

ಎರಡನೆಯದು ಕ್ರೆಡಿಟರ್ಸ್, ಅಂದರೆ ಕಂಪನಿ ಬೇರೆಯವರಿಗೆ ಕೊಡಬೇಕಾದ ಬಾಕಿ. ಅದಕ್ಕೆ ಈ ಲೆಕ್ಕ ಸುಮ್ನೆ ಹಚ್ಚಬೇಡಿ. ಅಲ್ಲಿನ ಭಯ ಪುಸ್ತಕದಲ್ಲಿ ಬರೆಯದೇ ಬಿಟ್ಟ ಬಾಕಿ. ಪುಸ್ತಕದಿಂದ ಎಷ್ಟು ಆರಿಸಿದರೂ ಬರೆಯದ್ದು ಸಿಗಲ್ಲ. ಏಪ್ರಿಲ್, ಮೇ ಪಾವತಿಗಳಿಂದ ಹಿಂದಕ್ಕೆ ಹೋಗಬೇಕು. ಅಲ್ಲಿ ಡಿಟೆಕ್ಷನ್ ರಿಸ್ಕ್ ನನಗೆ ಹೇಳುವುದು ಎಷ್ಟು ಚಿಕ್ಕ ಪಾವತಿಯವರೆಗೆ ಇಳಿಯಬೇಕು ಅಂತ ಮಾತ್ರ.

ಇನ್ನೊಂದು ಎಚ್ಚರ. ಇನ್ಹೆರೆಂಟ್ 0.3, ಕಂಟ್ರೋಲ್ 0.15 ಹಾಕಿ ನೋಡಿ. ಡಿಟೆಕ್ಷನ್ ರಿಸ್ಕ್ 1.11 ಬರುತ್ತೆ, ಲಾಗ್ ಹಾಕಿದರೆ ಸ್ಯಾಂಪಲ್ ಸೊನ್ನೆಗಿಂತ ಕೆಳಗೆ ಹೋಗುತ್ತೆ. ಟೆಸ್ಟೇ ಬೇಡ ಅಂತ ಸೂತ್ರ ಹೇಳಿದ ಹಾಗೆ. ಎಸ್‌ಎ 330 ಇದನ್ನು ಒಪ್ಪಲ್ಲ. ದೊಡ್ಡ ಖಾತೆಗೆ ರಿಸ್ಕ್ ಎಷ್ಟೇ ಕಡಿಮೆ ಇರಲಿ, ನೇರ ಪರಿಶೀಲನೆ ಸ್ವಲ್ಪವಾದರೂ ಬೇಕೇ ಬೇಕು. ನಮ್ಮ ಹಾಳೆಯಲ್ಲಿ ಈಗ ಇನ್ಹೆರೆಂಟ್ ಆಗಲಿ ಕಂಟ್ರೋಲ್ ಆಗಲಿ 0.3ರ ಕೆಳಗೆ ಇಳಿಯದ ಹಾಗೆ ಕಟ್ಟಿದ್ದೇನೆ. ಎರಡೂ 0.3 ಆದರೆ ಡಿಟೆಕ್ಷನ್ ರಿಸ್ಕ್ 0.56, ಸ್ಯಾಂಪಲ್ ಚಿಕ್ಕದಾದರೂ ಉಳಿಯುತ್ತೆ.