ಮೂರರಲ್ಲಿ ಎರಡು: ಬಾಯ್ಲರ್ ಡ್ರಮ್ಮಿನ ನೀರಿನ ಮಟ್ಟದ ಟ್ರಿಪ್

ಮಂಡ್ಯ ಜಿಲ್ಲೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಇನ್‌ಸ್ಟ್ರುಮೆಂಟೇಶನ್ ವಿಭಾಗವನ್ನು ನೋಡಿಕೊಳ್ಳುವಾಗ ನಾನು ಕೈಗೆತ್ತಿಕೊಂಡ ಕೆಲಸವೆಂದರೆ, ಕಬ್ಬಿನ ಸಿಪ್ಪೆ ಉರಿಸುವ ಬಾಯ್ಲರಿನಲ್ಲಿ ಡ್ರಮ್ಮಿನ ನೀರು ಅಪಾಯದ ಮಟ್ಟಕ್ಕೆ ಇಳಿದಾಗ ಬೆಂಕಿಯನ್ನು ನಿಲ್ಲಿಸುವ ಟ್ರಿಪ್ಪನ್ನು ಬದಲಾಯಿಸುವುದು. ಅಲ್ಲಿ ನೀರಿನ ಮಟ್ಟ ಅಳೆದು ಸಿಗ್ನಲ್ ಕಳಿಸುವ ಎರಡು ಟ್ರಾನ್ಸ್‌ಮಿಟರ್‌ಗಳಿದ್ದು, ಯಾವುದಾದರೂ ಒಂದು ‘ನೀರು ಕಡಿಮೆ’ ಎಂದರೆ ಸಾಕು, ಸಿಪ್ಪೆಯ ಫೀಡರುಗಳೂ ಒಲೆಗೆ ಗಾಳಿ ಊದುವ ಎಫ್‌ಡಿ ಫ್ಯಾನೂ ನಿಲ್ಲುತ್ತಿದ್ದವು. ಸುರಕ್ಷತೆಯ ದೃಷ್ಟಿಯಿಂದ ಇದು ಒಳ್ಳೆಯ ಏರ್ಪಾಡೇ. ಆದರೆ ನುರಿಸುವ ಹಂಗಾಮಿನಲ್ಲಿ ಒಂದು ಸಡಿಲ ತಂತಿಯಿಂದ ಬಾಯ್ಲರ್ ನಿಂತರೆ ಟರ್ಬೈನ್ ನಿಲ್ಲುತ್ತದೆ, ಗಾಣಗಳು ನಿಲ್ಲುತ್ತವೆ, ಗೇಟಿನ ಹೊರಗೆ ಕಬ್ಬಿನ ಟ್ರ್ಯಾಕ್ಟರುಗಳ ಸಾಲು ಬೆಳೆಯುತ್ತದೆ. ಹೀಗೆ ಕೆಲವು ಸಲ ಆದ ಮೇಲೆ ಪಾಳಿಯವರು ಟ್ರಿಪ್ಪನ್ನೇ ತಡೆದಿಡುವ ಬೈಪಾಸ್ ಕೀಲಿಯನ್ನು ತಿರುಗಿಸಿಟ್ಟು ಕೆಲಸ ನಡೆಸತೊಡಗುತ್ತಾರೆ. ವಿನಾಕಾರಣ ಟ್ರಿಪ್ಪನ್ನು ನಾನು ಕೇವಲ ನಷ್ಟದ ಬಾಬತ್ತು ಎಂದು ನೋಡದಿರಲು ಇದೇ ಕಾರಣ.

ಲೆಕ್ಕಕ್ಕಾಗಿ ಎರಡು ಅಂಕಿಗಳನ್ನು ಹಿಡಿದುಕೊಳ್ಳೋಣ. ಒಂದು ಟ್ರಾನ್ಸ್‌ಮಿಟರ್, ಯಾರಿಗೂ ತಿಳಿಯದಂತೆ ಅಪಾಯಕಾರಿಯಾಗಿ ಕೆಡುವ ಪ್ರಮಾಣ ವರ್ಷಕ್ಕೆ 0.02, ಸುಳ್ಳು ಟ್ರಿಪ್ ಕೊಡುವ ಪ್ರಮಾಣ ವರ್ಷಕ್ಕೆ 0.1. ಪೂರ್ಣ ಪರೀಕ್ಷೆ ವರ್ಷಕ್ಕೊಮ್ಮೆ. ಒಂದೇ ಟ್ರಾನ್ಸ್‌ಮಿಟರ್ ಇದ್ದರೆ ಬೇಕಾದ ಹೊತ್ತಿಗೆ ಅದು ಕೈಕೊಡುವ ಸಂಭವ ಸರಾಸರಿ 100ಕ್ಕೆ 1. ಎರಡರಲ್ಲಿ ಒಂದು ಸಾಕೆಂದರೆ ಇದು 7500ಕ್ಕೆ 1ಕ್ಕೆ ಇಳಿಯುತ್ತದೆ, ಆದರೆ ಐದು ವರ್ಷಕ್ಕೊಂದು ಸುಳ್ಳು ಟ್ರಿಪ್ ಬರುತ್ತದೆ. ಎರಡೂ ಹೇಳಿದರೆ ಮಾತ್ರ ಟ್ರಿಪ್ ಎಂದಿಟ್ಟರೆ ಸುಳ್ಳು ಟ್ರಿಪ್ ಬಹುತೇಕ ಇಲ್ಲವಾಗುತ್ತದೆ, ಆದರೆ ಕೈಕೊಡುವ ಸಂಭವ 50ಕ್ಕೆ 1, ಅಂದರೆ ಒಂದೇ ಇದ್ದದ್ದಕ್ಕಿಂತಲೂ ಕೆಟ್ಟದ್ದು. ಮೂರು ಟ್ರಾನ್ಸ್‌ಮಿಟರ್ ಇಟ್ಟು, ಯಾವುದಾದರೂ ಎರಡರ ಮತ ಬಿದ್ದರೆ ನಿಲ್ಲಿಸುವ ‘ಮೂರರಲ್ಲಿ ಎರಡು’ ಎಂಬ ಏರ್ಪಾಡಿನಲ್ಲಿ 2500ಕ್ಕೆ 1, ಸುಳ್ಳು ಟ್ರಿಪ್ಪೂ ತೀರಾ ಅಪರೂಪ.

ಈ ಲೆಕ್ಕ ಮೂರೂ ಪರಸ್ಪರ ಸಂಬಂಧವಿಲ್ಲದೆ ಕೆಡುತ್ತವೆ ಎಂದು ನಂಬಿಕೊಂಡಿದೆ. ಕೆಡುವಿಕೆಯಲ್ಲಿ ಶೇಕಡಾ 10ರಷ್ಟು ಒಂದೇ ಕಾರಣದಿಂದ ಮೂರಕ್ಕೂ ಬರುವಂಥದ್ದಾದರೆ, ಆ ಪಾಲೊಂದೇ 1000ಕ್ಕೆ 1 ಆಗುತ್ತದೆ, ಮತ್ತು ಮತದಾನದಿಂದ ಬಂದ ಲಾಭವೆಲ್ಲ ಅದರಡಿಯಲ್ಲಿ ಮುಚ್ಚಿಹೋಗುತ್ತದೆ. ಆದ್ದರಿಂದ ನನ್ನ ಶ್ರಮದ ಬಹುಪಾಲು ಲಾಜಿಕ್ಕಿನ ಮೇಲಲ್ಲ, ಪೈಪುಗಳ ಮೇಲೆ ಹೋಯಿತು.

ಇದಕ್ಕೆ ಕಾರಣ ಮಟ್ಟ ಅಳೆಯುವ ಬಗೆಯಲ್ಲೇ ಇದೆ. ಡ್ರಮ್ಮಿನ ಹಬೆಯ ಬದಿಯಲ್ಲಿ ಕಂಡೆನ್ಸೇಟ್ ಪಾಟ್ ಇಟ್ಟು ಒಂದು ನೀರಿನ ಕಂಬವನ್ನು ಸದಾ ತುಂಬಿಟ್ಟಿರುತ್ತಾರೆ. ಆ ಕಂಬಕ್ಕೂ ಡ್ರಮ್ಮಿನ ನೀರಿಗೂ ಇರುವ ಒತ್ತಡದ ವ್ಯತ್ಯಾಸವೇ ಅಳತೆ. ವ್ಯತ್ಯಾಸ ಕಡಿಮೆಯಾದಷ್ಟೂ ಡ್ರಮ್ ತುಂಬಿದೆ ಎಂದರ್ಥ. ಕಂಬದ ಡ್ರೇನ್ ವಾಲ್ವ್ ಸೋರಿ ಕಂಬ ಇಳಿದರೂ ವ್ಯತ್ಯಾಸ ಕಡಿಮೆಯಾಗುತ್ತದೆ, ಡ್ರಮ್ ಬರಿದಾಗುತ್ತಿದ್ದರೂ ಟ್ರಾನ್ಸ್‌ಮಿಟರ್ ‘ತುಂಬಿದೆ’ ಎನ್ನುತ್ತದೆ. ಒಂದೇ ಕಂಬದಿಂದ ಮೂರಕ್ಕೂ ಕವಲು ಕೊಟ್ಟಿದ್ದರೆ ಮೂರೂ ಒಂದೇ ಸುಳ್ಳನ್ನು ಒಮ್ಮತದಿಂದ ಹೇಳುತ್ತವೆ, ಯಾವ ವ್ಯತ್ಯಾಸದ ಅಲಾರ್ಮೂ ಬರುವುದಿಲ್ಲ. ಫೀಡ್‌ವಾಟರ್ ವಾಲ್ವಿನ ನಿಯಂತ್ರಣವೂ ಅದೇ ಸಿಗ್ನಲ್ ಮೇಲಿದ್ದರೆ ಅದು ನೀರನ್ನು ಇನ್ನಷ್ಟು ಮುಚ್ಚುತ್ತದೆ.

ಹೀಗಾಗಿ ಡ್ರಮ್ಮಿನ ಎರಡು ತುದಿಗಳಿಂದ ಎರಡನ್ನೂ, ಬಳಸದೆ ಮುಚ್ಚಿಟ್ಟಿದ್ದ ಒಂದು ಜೋಡಿ ನಾಝಲ್‌ನಿಂದ ಮೂರನೆಯದನ್ನೂ ತೆಗೆದುಕೊಂಡೆವು. ಡ್ರಮ್ಮಿಗೆ ಹೊಸದಾಗಿ ತೂತು ಕೊರೆಯುವುದೆಂದರೆ ಬಾಯ್ಲರ್ ಇಲಾಖೆಯ ಅನುಮತಿ ಬೇಕು, ಹಂಗಾಮು ಮುಗಿದ ಓವರಾಲಿಂಗ್ ಕಾಲದಲ್ಲೂ ಅದು ಸುಲಭವಲ್ಲ. ಪ್ರತಿಯೊಂದಕ್ಕೂ ಬೇರೆ ಪಾಟ್, ಬೇರೆ ವಾಲ್ವ್, ಬೇರೆ ಇನ್‌ಪುಟ್ ಕಾರ್ಡ್, ಬೇರೆ ಫ್ಯೂಸ್. ನಿಯಂತ್ರಣಕ್ಕೆ ಇವುಗಳಿಂದ ಹೊರತಾದ ನಾಲ್ಕನೆಯ ಟ್ರಾನ್ಸ್‌ಮಿಟರ್.

A, B, C ಎಂಬುವು ಮೂರು ಟ್ರಾನ್ಸ್‌ಮಿಟರ್‌ಗಳ ‘ನೀರು ಕಡಿಮೆ’ ಮತಗಳಾದರೆ, ಲಾಜಿಕ್ ಮಾತ್ರ ಒಂದೇ ಸಾಲಿನದು:

```
TRIP := (A AND B) OR (B AND C) OR (A AND C);
```

ಚರ್ಚೆಯಾದದ್ದು, ಒಂದು ಟ್ರಾನ್ಸ್‌ಮಿಟರ್ ಕೆಟ್ಟಿದೆ ಎಂದು ವ್ಯವಸ್ಥೆಗೇ ತಿಳಿದಾಗ ಅದರ ಮತವನ್ನು ಏನು ಮಾಡಬೇಕೆಂಬುದರ ಬಗ್ಗೆ. ‘ಕೆಟ್ಟಿರೋದನ್ನ ಲೆಕ್ಕದಿಂದ ಬಿಟ್ಟುಬಿಡಿ ಸಾರ್, ಉಳಿದ ಎರಡೂ ಹೇಳಿದ್ರೆ ನಿಲ್ಲಲಿ’ ಎಂಬುದು ಪಾಳಿಯ ಮುಖ್ಯಸ್ಥರ ವಾದ. ಹಾಗೆ ಮಾಡಿದರೆ ಎರಡರಲ್ಲಿ ಎರಡು, ಅಂದರೆ ಮೇಲೆ ಹೇಳಿದ 50ಕ್ಕೆ 1ರ ಸ್ಥಿತಿ. ಕೆಟ್ಟದ್ದನ್ನು ಟ್ರಿಪ್ ಪರವಾದ ಮತವೆಂದು ಎಣಿಸಿದರೆ ಉಳಿದ ಎರಡರಲ್ಲಿ ಒಂದು ಸಾಕಾಗುತ್ತದೆ, ಮತ್ತು ದುರಸ್ತಿಯ ಎಂಟು ಗಂಟೆಯಲ್ಲಿ ಸುಳ್ಳು ಟ್ರಿಪ್ ಬರುವ ಸಂಭವ ಸುಮಾರು 10,000ಕ್ಕೆ 2 ಮಾತ್ರ. ಈ ಅಂಕಿಯನ್ನು ನೋಡಿದ ಮೇಲೆ ಅವರು ಒಪ್ಪಿದರು, ಆದರೆ ದುರಸ್ತಿ ಅದೇ ಪಾಳಿಯಲ್ಲಿ ಮುಗಿಯಬೇಕೆಂಬ ಷರತ್ತು ಹಾಕಿದರು, ಷರತ್ತು ನ್ಯಾಯವಾದದ್ದೇ. ಹಾಗಾಗಿ ಸಿಗ್ನಲ್ 3.6 ಮಿಲಿಆಂಪಿಯರ್‌ಗಿಂತ ಇಳಿದರೆ ಟ್ರಾನ್ಸ್‌ಮಿಟರ್ ಕೆಟ್ಟಿದೆ ಎಂದರ್ಥ, ಅದು ಟ್ರಿಪ್ ಮತ. ಕೀಲಿಯಿಂದ ಒಂದು ಸಲಕ್ಕೆ ಒಂದನ್ನು ಮಾತ್ರ ಬೈಪಾಸ್ ಮಾಡಬಹುದು, ಆಗಲೂ ಉಳಿದೆರಡರಲ್ಲಿ ಒಂದು ಸಾಕು.

ಒಂದರ ಅಳತೆ ಉಳಿದೆರಡರಿಂದ 50 ಮಿಲಿಮೀಟರ್ ದೂರ ಸರಿದು ಅರ್ಧ ನಿಮಿಷ ನಿಂತರೆ ಅಲಾರ್ಮ್ ಬರುತ್ತದೆ. ಮೂರೂ ಸೇರಿ ತಪ್ಪಿದರೆ ಮಾತ್ರ ನೀರಿನ ಮಟ್ಟವನ್ನು ಕಣ್ಣಾರೆ ತೋರಿಸುವ ಗೇಜ್ ಗ್ಲಾಸೇ ಗತಿ, ಆದ್ದರಿಂದ ಪ್ರತಿ ಪಾಳಿಯ ಲಾಗ್ ಪುಸ್ತಕದಲ್ಲಿ ಗ್ಲಾಸಿನ ಅಳತೆಯನ್ನು ಮೂರರ ಪಕ್ಕದಲ್ಲೇ ಬರೆಯುವ ಕಾಲಂ ಹಾಕಿಸಿದೆವು. ವಾರ್ಷಿಕ ಪರೀಕ್ಷೆಯನ್ನು ಸಿಗ್ನಲ್ ತಿರುಚಿ ಮಾಡುವುದಿಲ್ಲ. ಹಂಗಾಮಿನ ಮೊದಲು, ಕಡಿಮೆ ಲೋಡಿನಲ್ಲಿ, ಗ್ಲಾಸ್ ನೋಡುತ್ತಾ ಡ್ರಮ್ಮಿನ ನೀರನ್ನೇ ಇಳಿಸಿ ಫ್ಯಾನಿನ ಬ್ರೇಕರ್ ತೆರೆಯುವವರೆಗೆ ನೋಡುತ್ತೇವೆ, ಏಕೆಂದರೆ ಮತ ಮೂರಿದ್ದರೂ ಆ ಬ್ರೇಕರ್ ಇರುವುದು ಒಂದೇ.