ಎರಡು ಬೆಟ್ಟ, ಒಂದು ದಿಕ್ಸೂಚಿ: ನಕ್ಷೆಯಲ್ಲಿ ನೀವಿರುವ ಜಾಗ ಗುರುತಿಸುವುದು ಹೇಗೆ?

ಮೈಸೂರಿನ ವಾಯವ್ಯಕ್ಕೆ, ಕೃಷ್ಣರಾಜಸಾಗರದ ಕಡೆಗಿನ ಬಯಲಿನಲ್ಲಿ ನಿಂತಿದ್ದೀರಿ ಎಂದುಕೊಳ್ಳಿ. ದಕ್ಷಿಣದ ಕಡೆ ಚಾಮುಂಡಿ ಬೆಟ್ಟ, ಈಶಾನ್ಯದಲ್ಲಿ ಶ್ರೀರಂಗಪಟ್ಟಣದ ಪಕ್ಕದ ಕರಿಘಟ್ಟ ಕಾಣುತ್ತಿವೆ. ಕೈಯಲ್ಲಿ ಸರ್ವೇ ಆಫ್ ಇಂಡಿಯಾದ 1:50,000 ಅಳತೆಯ ನಕ್ಷೆ ಇದೆ. ಇದರಲ್ಲಿ ಎರಡು ಸೆಂಟಿಮೀಟರ್ ಅಂದರೆ ನೆಲದ ಮೇಲೆ ಒಂದು ಕಿಲೋಮೀಟರ್. ಜೊತೆಗೆ ದಿಕ್ಸೂಚಿ, ಕೋನಮಾಪಕ, ಉದ್ದದ ಸ್ಕೇಲು, ಚೂಪು ಪೆನ್ಸಿಲ್ ಇದ್ದರೆ ಸಾಕು.

ಮೊದಲ ಕೆಲಸ, ಬೆಟ್ಟದ ಯಾವ ಬಿಂದುವನ್ನು ನೋಡುತ್ತೀರಿ ಎಂದು ತೀರ್ಮಾನಿಸುವುದು. ಆತುರದಲ್ಲಿ ಹೆಚ್ಚಿನವರು ಇದನ್ನೇ ಬಿಟ್ಟುಬಿಡುತ್ತಾರೆ. ಚಾಮುಂಡಿ ಬೆಟ್ಟ ಉದ್ದಕ್ಕೆ ಹರಡಿಕೊಂಡಿದೆ; ‘ಬೆಟ್ಟದ ಕಡೆಗೆ’ ಎಂದು ದಿಕ್ಸೂಚಿ ಹಿಡಿದರೆ ಕೆಲವು ಡಿಗ್ರಿ ಆಚೀಚೆ ಆಗುವುದು ಖಂಡಿತ. ದೇವಸ್ಥಾನದ ಗೋಪುರ ಕಂಡರೆ ಅದನ್ನೇ ಗುರಿಯಾಗಿಸಿ, ನಕ್ಷೆಯಲ್ಲೂ ಅದೇ ದೇವಸ್ಥಾನದ ಗುರುತಿನಿಂದ ಗೆರೆ ಎಳೆಯಿರಿ. ಕರಿಘಟ್ಟ ಚಿಕ್ಕದು, ಒಂಟಿ ಬೆಟ್ಟ. ಅದರ ನೆತ್ತಿಯೇ ಸಾಕು.

ಇನ್ನು ದಿಕ್ಸೂಚಿ. ಕಾರು, ಕಬ್ಬಿಣದ ಬೇಲಿ, ವಿದ್ಯುತ್ ತಂತಿಗಳಿಂದ ದೂರ ಹೋಗಿ ನಿಲ್ಲಿ. ಮೊಬೈಲನ್ನು ಕೈಯಲ್ಲಿ ಹಿಡಿದುಕೊಳ್ಳಬೇಡಿ. ದಿಕ್ಸೂಚಿಯನ್ನು ಸಮತಲವಾಗಿ ಹಿಡಿದು, ಮುಳ್ಳು ನಿಂತ ಮೇಲೆ ಓದಿ. ಮೂರು ಸಲ ಓದಿ ಮಧ್ಯದ ಅಂಕಿಯನ್ನು ಇಟ್ಟುಕೊಳ್ಳುವುದು ಒಳ್ಳೆಯದು. ಗೋಪುರಕ್ಕೆ 155 ಡಿಗ್ರಿ, ಕರಿಘಟ್ಟಕ್ಕೆ 62 ಡಿಗ್ರಿ ಬಂತು ಎನ್ನೋಣ.

ಮುಳ್ಳು ತೋರಿಸುವುದು ಕಾಂತೀಯ ಉತ್ತರವನ್ನು. ನಕ್ಷೆಯ ಎಡ, ಬಲ ಅಂಚಿನ ಗೆರೆಗಳು ತೋರಿಸುವುದು ನಿಜ ಉತ್ತರವನ್ನು. ದಕ್ಷಿಣ ಕರ್ನಾಟಕದಲ್ಲಿ ಈಗ ಮುಳ್ಳು ಸುಮಾರು ಒಂದೂವರೆ ಡಿಗ್ರಿ ಪಶ್ಚಿಮಕ್ಕೆ ವಾಲುತ್ತದೆ. ಹಾಗಾಗಿ ಎರಡೂ ಓದುಗಳಿಂದ ಒಂದೂವರೆ ಕಳೆಯಿರಿ: 153.5 ಮತ್ತು 60.5. ಹಳೆಯ ನಕ್ಷೆಯ ಅಂಚಿನಲ್ಲಿ ಅಚ್ಚಾದ ಅಂಕಿಯನ್ನು ಹಾಗೇ ನಂಬಬೇಡಿ, ಈ ವಾಲಿಕೆ ವರ್ಷ ಕಳೆದಂತೆ ಬದಲಾಗುತ್ತದೆ.

ಇವು ನಿಮ್ಮಿಂದ ಬೆಟ್ಟಕ್ಕಿರುವ ದಿಕ್ಕು. ನಿಮ್ಮ ಜಾಗ ಇನ್ನೂ ಗೊತ್ತಿಲ್ಲದ ಕಾರಣ ಗೆರೆಯನ್ನು ಬೆಟ್ಟದಿಂದಲೇ ಹೊರಡಿಸಬೇಕು. ಅದಕ್ಕೆ 180 ಕೂಡಿಸಿ (ಓದು 180ಕ್ಕಿಂತ ಹೆಚ್ಚಿದ್ದರೆ ಕಳೆಯಿರಿ). ಗೋಪುರದಿಂದ 333.5, ಕರಿಘಟ್ಟದಿಂದ 240.5 ಡಿಗ್ರಿ. ಕೋನಮಾಪಕದ ಕೇಂದ್ರವನ್ನು ನಕ್ಷೆಯ ಗೋಪುರದ ಮೇಲಿಟ್ಟು, ಅದರ ಸೊನ್ನೆಯ ಗೆರೆಯನ್ನು ಅಂಚಿನ ಗೆರೆಗೆ ಸಮಾನಾಂತರ ಮಾಡಿ, 333.5ರ ಕಡೆಗೆ ಉದ್ದಕ್ಕೆ ಗೆರೆ ಎಳೆಯಿರಿ. ಕರಿಘಟ್ಟದಿಂದಲೂ ಹೀಗೆಯೇ ಮಾಡಿ. ಎರಡೂ ಗೆರೆ ಕೂಡುವಲ್ಲಿ ನೀವಿದ್ದೀರಿ. ನಮ್ಮ ಉದಾಹರಣೆಯಲ್ಲಿ ಎರಡೂ ಬೆಟ್ಟಗಳಿಂದ ಸುಮಾರು 12 ಕಿ.ಮೀ. ದೂರದಲ್ಲಿ.

ಆದರೆ ಆ ಬಿಂದುವನ್ನು ಎಷ್ಟು ನಂಬಬಹುದು? ಕೈಯಲ್ಲಿ ಹಿಡಿದ ದಿಕ್ಸೂಚಿಯಲ್ಲಿ ಎರಡು ಡಿಗ್ರಿ ತಪ್ಪುವುದು ಸಾಮಾನ್ಯ. 12 ಕಿ.ಮೀ. ದೂರಕ್ಕೆ ಅದು ಸುಮಾರು 420 ಮೀಟರ್ ಪಕ್ಕಕ್ಕೆ ಸರಿಸುತ್ತದೆ, ನಕ್ಷೆಯಲ್ಲಿ ಎಂಟು ಮಿಲಿಮೀಟರಿಗೂ ಹೆಚ್ಚು. ಆದ್ದರಿಂದ ಪೆನ್ಸಿಲ್ಲಿನ ಚುಕ್ಕೆಯ ಬದಲು ಅದರ ಸುತ್ತ ಅಷ್ಟು ತ್ರಿಜ್ಯದ ವೃತ್ತ ಬರೆಯುವುದೇ ಪ್ರಾಮಾಣಿಕ ಕೆಲಸ. ಹತ್ತಿರದ ಗುರುತು ಸಿಕ್ಕರೆ ತಪ್ಪೂ ಅದೇ ಪ್ರಮಾಣದಲ್ಲಿ ಕುಗ್ಗುತ್ತದೆ.

ಎರಡು ಗುರುತುಗಳ ನಡುವಿನ ಕೋನವೂ ಅಷ್ಟೇ ಮುಖ್ಯ. ಇಲ್ಲಿ ಅದು 93 ಡಿಗ್ರಿ, ಬಹಳ ಒಳ್ಳೆಯದು. ಅದೇ 30 ಡಿಗ್ರಿ ಇದ್ದಿದ್ದರೆ ಗೆರೆಗಳು ಕತ್ತರಿಯ ಬಾಯಿಯಂತೆ ಸಣ್ಣ ಕೋನದಲ್ಲಿ ಕೂಡಿ, ಅಷ್ಟೇ ತಪ್ಪು ಬಿಂದುವನ್ನು ಎರಡು ಪಟ್ಟು ದೂರ ಎಳೆಯುತ್ತಿತ್ತು. 60ರಿಂದ 120 ಡಿಗ್ರಿ ಒಳಗಿನ ಜೋಡಿಯನ್ನೇ ಹುಡುಕಿ.

ಇನ್ನೊಂದು ಅಪಾಯ ಇದಕ್ಕಿಂತ ದೊಡ್ಡದು. ಬೆಟ್ಟವನ್ನೇ ತಪ್ಪಾಗಿ ಗುರುತಿಸಿದರೂ ಎರಡು ಗೆರೆಗಳು ಎಲ್ಲೋ ಒಂದು ಕಡೆ ಅಂದವಾಗಿ ಕೂಡುತ್ತವೆ. ತಪ್ಪಾಗಿದೆ ಎಂದು ಗೆರೆಗಳು ಹೇಳುವುದಿಲ್ಲ, ಸುತ್ತಲಿನ ನೆಲ ಹೇಳುತ್ತದೆ. ಕಾವೇರಿಯ ದಕ್ಷಿಣ ದಡದಲ್ಲಿ ನಿಂತಿರುವುದು ನಿಮಗೆ ಗೊತ್ತಿದ್ದೂ ಬಿಂದು ನದಿಯಾಚೆ ಬಿದ್ದರೆ ಓದಿನಲ್ಲೋ ಗುರುತಿನಲ್ಲೋ ಎಡವಟ್ಟಾಗಿದೆ. ಹಾಗೆಯೇ ವೃತ್ತದೊಳಗೆ ನಕ್ಷೆ ತೋರಿಸುವ ಕಾಲುವೆ, ಕೆರೆ ಏರಿ, ರಸ್ತೆಯ ತಿರುವು ನಿಮ್ಮ ಎದುರಿಗೂ ಇವೆಯೇ ಎಂದು ನೋಡಿ. ಕಾಲುವೆಯ ಏರಿಯ ಮೇಲೇ ನಿಂತಿದ್ದರಂತೂ ಇನ್ನೂ ಸುಲಭ: ವೃತ್ತದೊಳಗೆ ಕಾಲುವೆ ಹಾದುಹೋಗುವ ತುಂಡಿನ ಮೇಲಷ್ಟೇ ನಿಮ್ಮನ್ನು ಹುಡುಕಿಕೊಳ್ಳಬೇಕು. ಮೂರನೆಯ ಗುರುತು ಕಂಡರೆ ಅದರಿಂದಲೂ ಒಂದು ಗೆರೆ ಎಳೆಯಿರಿ. ಮೂರೂ ಸೇರಿ ಸಣ್ಣ ತ್ರಿಕೋನವಾದರೆ ಸರಿ. ಕಿಲೋಮೀಟರುಗಟ್ಟಲೆ ದೊಡ್ಡದಾದರೆ, ಒಂದು ಹೆಜ್ಜೆಯನ್ನೂ ಇಡುವ ಮೊದಲು ಮೂರೂ ಓದುಗಳನ್ನು ಮತ್ತೆ ತೆಗೆದುಕೊಳ್ಳಿ.