ಲೇಖನಮಾಲೆ ಬರೆಯುತ್ತೀರಾ? ಕಂತುಗಳನ್ನು ಹೀಗೆ ಜೋಡಿಸಿ

ಜುಲೈನಲ್ಲಿ ಮಡಿಕೇರಿ ಕಡೆಯ ರಸ್ತೆಗೆ ಗುಡ್ಡ ಜಾರಿದರೆ ಆ ದಿನ ಎಷ್ಟೋ ಊರಿಗೆ ಪೇಪರ್ ಬರುವುದಿಲ್ಲ. ನಿಮ್ಮ ಲೇಖನಮಾಲೆಯ ಎರಡನೇ ಕಂತು ಅವತ್ತೇ ಅಚ್ಚಾಗಿದ್ದರೆ? ಮುಂದಿನ ವಾರ ಓದುಗರ ಕೈಗೆ ಮೂರನೆಯದು ಸಿಗುತ್ತದೆ. ಮೊದಲ ಸಾಲೇ ‘ಕಳೆದ ವಾರ ನೋಡಿದಂತೆ’ ಎಂದಿದ್ದರೆ ಅವರು ಪುಟ ತಿರುಗಿಸುತ್ತಾರೆ.

ನನಗೆ ಬರಹ ತಂದು ತೋರಿಸುವವರಲ್ಲಿ ಹೆಚ್ಚಿನವರು ಮಾಡುವುದು ಒಂದೇ ತಪ್ಪು. 3000 ಪದದ ಒಂದು ಲೇಖನ ಬರೆಯುತ್ತಾರೆ. 600 ಪದಕ್ಕೊಮ್ಮೆ ಕತ್ತರಿಸಿ, ಕೆಳಗೆ ‘ಮುಂದುವರಿಯುವುದು’ ಎಂದು ಹಾಕುತ್ತಾರೆ. ದಯವಿಟ್ಟು ಈ ದಾರಿ ಹಿಡಿಯಬೇಡಿ. ಹಾಗೆ ಕತ್ತರಿಸಿದ ತುಂಡಿಗೆ ತಲೆಯೂ ಇರುವುದಿಲ್ಲ, ಕಾಲೂ ಇರುವುದಿಲ್ಲ.

ಮೊದಲು ಐದು ಚೀಟಿ ತೆಗೆದುಕೊಳ್ಳಿ. ಐದಕ್ಕಿಂತ ಜಾಸ್ತಿ ಕಂತು ಬೇಡ. ಒಂದೊಂದು ಚೀಟಿಯಲ್ಲಿ ಒಂದೇ ಪ್ರಶ್ನೆ ಬರೆಯಿರಿ. ನಮ್ಮ ಕಾಫಿ ತೋಟದ ಒಂದು ವರ್ಷವನ್ನೇ ಉದಾಹರಣೆಗೆ ಇಟ್ಟುಕೊಳ್ಳೋಣ. ಮೊಗ್ಗು ಅರಳಿಸುವ ಹೂಮಳೆ ಬಾರದಿದ್ದರೆ ಏನಾಗುತ್ತದೆ? ರೋಬಸ್ಟಾ ಜಾತಿಯ ಕಾಫಿಗೆ ಜೇನು ಯಾಕೆ ಬೇಕು? ಕಾಯಿ ಕಚ್ಚಿದ ಮೇಲೆ ಇನ್ನೊಂದು ಮಳೆ ಯಾಕೆ? ಮಳೆಗಾಲಕ್ಕೆ ಮುಂಚೆ ಮರಗಸಿ, ಅಂದರೆ ನೆರಳಿನ ಮರಗಳ ಕೊಂಬೆ ಕಡಿಯುವ ಕೆಲಸ, ಯಾಕೆ ಮಾಡಬೇಕು? ಕೊಯ್ದ ಹಣ್ಣನ್ನು ಕಣದಲ್ಲಿ ಹೇಗೆ ಒಣಗಿಸಬೇಕು? ಚೀಟಿಯಲ್ಲಿ ‘ಕಾಫಿಯ ಹೂ’ ಎಂದು ವಿಷಯದ ಹೆಸರಷ್ಟೇ ಇದ್ದರೆ ಸಾಲದು. ಪ್ರಶ್ನೆ ಇದ್ದರೆ ಮಾತ್ರ ಉತ್ತರ ಎಲ್ಲಿ ಮುಗಿಯುತ್ತದೆ ಎಂದು ನಿಮಗೆ ಗೊತ್ತಾಗುತ್ತದೆ.

ಚೀಟಿಗಳ ಕ್ರಮ ಕಷ್ಟವಲ್ಲ, ಇಲ್ಲಿ ತೋಟವೇ ಹೇಳಿಕೊಡುತ್ತದೆ.

ಎಲ್ಲರೂ ಎಡವುವುದು ಎರಡು ಕಂತು ಸೇರುವ ಜಾಗದಲ್ಲಿ. ಮೊದಲ ಕಂತಿನ ಕೊನೆಯನ್ನು ಹೀಗೆ ಬರೆದವರನ್ನು ನೋಡಿದ್ದೇನೆ: ‘ಮಳೆ ಬಿತ್ತು. ಮೊಗ್ಗುಗಳು ಏನಾದವು? ಮುಂದಿನ ವಾರ ಕಾದು ನೋಡಿ.’ ಇದು ಓದುಗರಿಗೆ ಮಾಡುವ ಮೋಸ. ಕೇಳಿದ ಪ್ರಶ್ನೆಗೆ ಉತ್ತರವನ್ನೇ ಕೊಟ್ಟಿಲ್ಲ, ಅಲ್ವಾ? ಉತ್ತರವನ್ನು ಪೂರ್ತಿ ಕೊಡಿ. ಆ ಉತ್ತರದ ಒಳಗಿನಿಂದಲೇ ಮುಂದಿನ ಪ್ರಶ್ನೆ ಏಳಬೇಕು. ಹೀಗೆ:

‘ಒಂದು ಇಂಚಿನಷ್ಟು ಮಳೆ ಬಿದ್ದರೆ ಎಂಟು ಹತ್ತು ದಿನದಲ್ಲಿ ತೋಟವೆಲ್ಲ ಬೆಳ್ಳಗಾಗುತ್ತದೆ. ಬಾರದಿದ್ದರೆ ಮೊಗ್ಗು ಗಿಡದಲ್ಲೇ ಒಣಗುತ್ತದೆ. ಆದರೆ ಹೂ ಅರಳಿದ ಮಾತ್ರಕ್ಕೆ ರೋಬಸ್ಟಾದಲ್ಲಿ ಕಾಯಿ ಕಚ್ಚುವುದಿಲ್ಲ. ಅದಕ್ಕೆ ಬೇರೆ ಗಿಡದ ಪರಾಗವೇ ಬೇಕು. ಹೂ ಬಾಡುವ ಮೊದಲು ಯಾರಾದರೂ ಅದನ್ನು ತಂದು ಮುಟ್ಟಿಸಬೇಕು.’

ಹೂಮಳೆಯ ಪ್ರಶ್ನೆ ಇಲ್ಲಿಗೆ ಮುಗಿಯಿತು. ಇಷ್ಟನ್ನೇ ಓದಿ ಪೇಪರ್ ಮಡಚಿಟ್ಟವರಿಗೂ ನಷ್ಟವಿಲ್ಲ. ಆದರೂ ‘ಯಾರು ತರುತ್ತಾರೆ?’ ಎಂಬುದು ಮನಸ್ಸಿನಲ್ಲಿ ಉಳಿಯುತ್ತದೆ. ‘ಮುಂದಿನ ವಾರ: ತೋಟಕ್ಕೆ ಬರುವ ಜೇನು’ ಎಂದು ಕೆಳಗೆ ಒಂದು ಸಾಲು ಹಾಕಿದರೆ ಸಾಕು.

ಇನ್ನು ಎರಡನೇ ಕಂತಿನ ಆರಂಭ. ಹಿಂದಿನ ಕಂತಿನ ಸಾರಾಂಶಕ್ಕೆ ಒಂದು ಪ್ಯಾರಾ ಕೊಡಬೇಡಿ. ಓದಿದವರಿಗೆ ಅದು ಬೇಸರ, ಓದದವರಿಗೆ ಅರ್ಥವಾಗದು. ಬೇಕಾದ ಒಂದೇ ಸಂಗತಿಯನ್ನು ಹೊಸ ವಾಕ್ಯದೊಳಗೆ ಸೇರಿಸಿ: ‘ಬೇಸಿಗೆಯಲ್ಲಿ ಕಾಫಿಯ ಮೊಗ್ಗು ಅರಳಿಸುವ ಹೂಮಳೆ ಬಿದ್ದು ಹತ್ತನೇ ದಿನ, ಪೊನ್ನಂಪೇಟೆಯ ಒಂದು ರೋಬಸ್ಟಾ ತೋಟದಲ್ಲಿ ಬೆಳಿಗ್ಗೆ ನಿಂತರೆ ಮೊದಲು ಕೇಳುವುದು ಜೇನಿನ ಸದ್ದು.’ ಹೂಮಳೆ ಎಂದರೇನೆಂದು ಹೊಸಬರಿಗೆ ತಿಳಿಯಿತು. ಹಳಬರಿಗೆ ಕಥೆ ಮುಂದೆ ಹೋಯಿತು.

ಇದಕ್ಕಾಗಿ ಒಂದು ಹಾಳೆ ಪಕ್ಕದಲ್ಲಿರಲಿ. ಹೂಮಳೆ, ಮರಗಸಿ, ಕಣ ಹೀಗೆ ವಿವರಿಸಬೇಕಾದ ಪದಗಳನ್ನೆಲ್ಲ ಅದರಲ್ಲಿ ಬರೆದು, ಪ್ರತಿಯೊಂದಕ್ಕೂ ಐದಾರು ಪದದ ಅರ್ಥ ಕೊಟ್ಟುಕೊಳ್ಳಿ. ಪದ ಯಾವ ಕಂತಿಗೆ ಬಂದರೂ ಅರ್ಥ ಜೊತೆಗೇ ಬರಲಿ. ‘ಮೊದಲ ಕಂತಿನಲ್ಲೇ ಹೇಳಿದ್ದೆನಲ್ಲ’ ಎಂದು ಬಿಟ್ಟರೆ ಮಧ್ಯದಲ್ಲಿ ಸೇರಿದವರು ಅಲ್ಲೇ ನಿಂತುಬಿಡುತ್ತಾರೆ.

ಶೀರ್ಷಿಕೆಯಲ್ಲಿ ‘ಭಾಗ 3’ ಬೇಡ. ಸಂಖ್ಯೆ ಸಣ್ಣ ಅಕ್ಷರದಲ್ಲಿ ಕೆಳಗಿರಲಿ, ಶೀರ್ಷಿಕೆ ಆ ಕಂತಿನ ಪ್ರಶ್ನೆಯನ್ನೇ ಹೇಳಲಿ.

ಮೂರು ಕಂತು ಬರೆದು ಮುಗಿಯುವ ತನಕ ಮೊದಲನೆಯದನ್ನು ಅಚ್ಚಿಗೆ ಕೊಡಬೇಡಿ. ಮೂರನೆಯದನ್ನು ಬರೆಯುವಾಗಲೇ ಮೊದಲನೆಯದರಲ್ಲಿ ಏನು ಬಿಟ್ಟುಹೋಗಿದೆ ಎಂದು ಗೊತ್ತಾಗುವುದು. ಆಮೇಲೆ ಆ ಮೂರನೇ ಕಂತನ್ನು ಮಾತ್ರ, ಉಳಿದದ್ದನ್ನು ಓದದ ಒಬ್ಬರಿಗೆ ಕೊಡಿ. ಜೊತೆಗೆ ಪೆನ್ಸಿಲ್ ಕೊಟ್ಟು, ತಡೆದ ಕಡೆ ಗೆರೆ ಹಾಕಲು ಹೇಳಿ. ನೀವು ಏನನ್ನೂ ಬಾಯಲ್ಲಿ ವಿವರಿಸಬೇಡಿ. ಗೆರೆ ಬಿದ್ದ ಜಾಗ ಹಿಂದಿನ ಕಂತಿನ ಮೇಲೆ ಒರಗಿಕೊಂಡಿದೆ ಎಂದೇ ಅರ್ಥ. ಅಲ್ಲಿಗೆ ಅರ್ಧ ವಾಕ್ಯ ಸೇರಿಸಿ.

ಕೊನೆಯ ಕಂತಿಗೂ ಕೊಂಡಿ ಬೇಕು. ಐದನೆಯದನ್ನೇ ಮೊದಲು ಓದುವವರು ಇದ್ದೇ ಇರುತ್ತಾರೆ. ಹಣ್ಣು ಒಣಗಿಸುವ ಮಾತು ಮುಗಿಸಿ, ಕಣದಿಂದ ಒಮ್ಮೆ ತೋಟದ ಕಡೆ ತಿರುಗಿ. ಕೊಯ್ಲು ಮುಗಿದ ರೋಬಸ್ಟಾ ಗಿಡದಲ್ಲಿ ಆಗಲೇ ಹೊಸ ಮೊಗ್ಗು ಮಳೆಗೆ ಕಾಯುತ್ತಿರುತ್ತದೆ. ಅದನ್ನು ಬರೆದು, ಅದರ ಕೆಳಗೆ ಮೊದಲ ಕಂತಿನ ಹೆಸರು ಮತ್ತು ಅದು ಬಂದ ತಾರೀಕು ಕೊಡಿ.